ಚಿಕನ್‌ಪಾಕ್ಸ್ ರಜೆಯ ಮೇಲ್‌ನಲ್ಲಿ ಯಾವ ದಿನಾಂಕ ಬರೆಯಬೇಕು

ಪ್ರಶ್ನೆ: ಇವತ್ತು ಡಾಕ್ಟರ್ ಚಿಕನ್‌ಪಾಕ್ಸ್ ಅಂದ್ರು. ಮ್ಯಾನೇಜರ್‌ಗೆ ಸಿಕ್ ಲೀವ್ ಮೇಲ್ ಹೇಗೆ ಬರೆಯಲಿ? ಎಷ್ಟು ದಿನ ಕೇಳಲಿ, ವಾಪಸ್ ಯಾವಾಗ ಬರ್ತೀನಿ ಅಂತ ಹೇಳಲಿ?

ಮೇಲ್ ಇವತ್ತೇ ಕಳಿಸಿ. ಅದರಲ್ಲಿ ಕಾಯಿಲೆಯ ಹೆಸರನ್ನು ನೇರವಾಗಿ ಬರೆಯಿರಿ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ.

ನನಗೆ ಚಿಕನ್‌ಪಾಕ್ಸ್ ಆದಾಗ ವಯಸ್ಸು 31. ಮಾರ್ಚ್ 10, ಸೋಮವಾರ, ಸ್ವಲ್ಪ ಮೈಕೈ ನೋವು ಇದ್ದರೂ ಆಫೀಸಿಗೆ ಹೋಗಿದ್ದೆ. ಮಂಗಳವಾರ ಬೆಳಿಗ್ಗೆ ಜ್ವರ ಬಂತು, ಎದೆ ಮೇಲೆ ನಾಲ್ಕೈದು ಕೆಂಪು ಗುಳ್ಳೆ ಕಂಡವು. "ವೈರಲ್ ಫೀವರ್, 3 ದಿನ ರಜೆ ಬೇಕು" ಅಂತ ಒಂದು ಸಾಲಿನ ಮೇಲ್ ಹಾಕಿ ಮಲಗಿದೆ. ಸಂಜೆ ಡಾಕ್ಟರ್ ನೋಡಿ ಚಿಕನ್‌ಪಾಕ್ಸ್ ಅಂದರು. ಮ್ಯಾನೇಜರ್‌ಗೆ ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಶುಕ್ರವಾರ ರಜೆ ಮುಂದುವರಿಸಲು ಫೋನ್ ಮಾಡಿದಾಗಷ್ಟೇ ಹೇಳಿದ್ದು. ನನ್ನ ಪಕ್ಕದ ಸೀಟಿನಲ್ಲಿ ಕೂರುವವರು ಆಗ 5 ತಿಂಗಳ ಗರ್ಭಿಣಿ. ಸೋಮವಾರ ಇಡೀ ದಿನ ನಾವಿಬ್ಬರೂ ಒಟ್ಟಿಗೆ ಕೂತು ಕೆಲಸ ಮಾಡಿದ್ದೆವು.

ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಈ ಕಾಯಿಲೆ ಇನ್ನೊಬ್ಬರಿಗೆ ಅಂಟುತ್ತದೆ. ಅಂದರೆ ನಾನು ಸೋಮವಾರವೇ ಹರಡುತ್ತಿದ್ದೆ. ಅದೇ ಗಾಳಿಯಲ್ಲಿ ಕೂತಿದ್ದರೂ ಸಾಕು, ಮುಟ್ಟಲೇಬೇಕು ಅಂತಿಲ್ಲ. ಮೊದಲು ಚಿಕನ್‌ಪಾಕ್ಸ್ ಬಂದಿರದ, ಲಸಿಕೆಯನ್ನೂ ಹಾಕಿಸಿಕೊಂಡಿರದ ಗರ್ಭಿಣಿಗೆ ಡಾಕ್ಟರು ರಕ್ಷಣೆಗೆ ಒಂದು ಇಂಜೆಕ್ಷನ್ ಕೊಡಬಹುದು. ಆದರೆ ಅದು ಸೋಂಕು ತಗುಲಿರಬಹುದಾದ ದಿನದಿಂದ 10 ದಿನದ ಒಳಗೇ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ನಾನು ಸುಮ್ನೆ ಇದ್ದು ಅದರಲ್ಲಿ 4 ದಿನ ಕಳೆದುಬಿಟ್ಟಿದ್ದೆ. ಅವರ ರಕ್ತ ಪರೀಕ್ಷೆಯಲ್ಲಿ ಚಿಕ್ಕಂದಿನಲ್ಲೇ ಬಂದು ಹೋಗಿದೆ ಅಂತ ಗೊತ್ತಾಯಿತು, ಏನೂ ಆಗಲಿಲ್ಲ. ಆ ರಿಪೋರ್ಟ್ ಬರುವವರೆಗೆ ನನಗೆ ನಿದ್ದೆ ಬಂದಿರಲಿಲ್ಲ.

ಹಾಗಾಗಿ ಮೇಲ್‌ನಲ್ಲಿ ಎರಡು ದಿನಾಂಕ ಇರಲೇಬೇಕು: ಮೊದಲ ಗುಳ್ಳೆ ಕಂಡ ದಿನ, ನೀವು ಆಫೀಸಿಗೆ ಕೊನೆಯ ಸಲ ಹೋದ ದಿನ. ಜ್ವರ ಶುರುವಾದ ದಿನದಿಂದ ಲೆಕ್ಕ ಹಾಕಬೇಡಿ. ಮಕ್ಕಳಿಗೆ ಜ್ವರ, ಗುಳ್ಳೆ ಹೆಚ್ಚುಕಡಿಮೆ ಒಟ್ಟಿಗೇ ಬರುತ್ತವೆ, ದೊಡ್ಡವರಿಗೆ ಜ್ವರ ಒಂದೆರಡು ದಿನ ಮೊದಲೇ ಬರುವುದುಂಟು.

ಎಷ್ಟು ದಿನ ಅನ್ನುವುದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ಗುಳ್ಳೆಗಳೇ ಹೇಳುತ್ತವೆ. ಹೊಸ ಗುಳ್ಳೆ ಬರುವುದು ನಿಲ್ಲಬೇಕು, ಇರುವ ಎಲ್ಲಾ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಬೇಕು. ಅಲ್ಲಿಯವರೆಗೆ ಮನೆಯಲ್ಲೇ ಇರಬೇಕು. ಸಾಮಾನ್ಯವಾಗಿ ಗುಳ್ಳೆ ಕಂಡಾಗಿನಿಂದ 5ರಿಂದ 7 ದಿನ ಹಿಡಿಯುತ್ತದೆ, ದೊಡ್ಡವರಿಗೆ ಇನ್ನೂ ಎರಡು ಮೂರು ದಿನ ಜಾಸ್ತಿ ಆಗಬಹುದು. ಅದಕ್ಕೇ "17ಕ್ಕೆ ಬರುತ್ತೇನೆ" ಅಂತ ಮಾತು ಕೊಡಬೇಡಿ. ಒಂದು ಅಂದಾಜು ದಿನ ಕೊಡಿ, ಯಾವತ್ತು ಮತ್ತೆ ತಿಳಿಸುತ್ತೀರಿ ಅನ್ನುವುದನ್ನೂ ಹೇಳಿ. ಮ್ಯಾನೇಜರ್‌ಗೆ ಕೆಲಸ ಹಂಚಲು ಅಷ್ಟು ಸಾಕಾಗುತ್ತದೆ.

ನಾನು ಆ ಮಂಗಳವಾರ ಸಂಜೆ ಕಳಿಸಬೇಕಾಗಿದ್ದ ಮೇಲ್ ಇದು. ನಮ್ಮ ಆಫೀಸಿನಲ್ಲಿ ಮೇಲ್ ಇಂಗ್ಲಿಷಿನಲ್ಲೇ ಹೋಗುತ್ತದೆ, ನಿಮ್ಮಲ್ಲೂ ಹಾಗೇ ಇದ್ದರೆ ಇದೇ ವಿಷಯಗಳನ್ನು ಇದೇ ಕ್ರಮದಲ್ಲಿ ಬರೆಯಿರಿ.

ವಿಷಯ: ಚಿಕನ್‌ಪಾಕ್ಸ್ – ಮಾರ್ಚ್ 11ರಿಂದ ಸಿಕ್ ಲೀವ್

ನಮಸ್ಕಾರ ಸರ್,

ನನಗೆ ಚಿಕನ್‌ಪಾಕ್ಸ್ ಆಗಿದೆ ಎಂದು ಡಾಕ್ಟರು ಇವತ್ತು ಹೇಳಿದ್ದಾರೆ. ಗುಳ್ಳೆಗಳು ಮೊದಲು ಕಂಡಿದ್ದು ಇವತ್ತು, ಮಾರ್ಚ್ 11ರ ಬೆಳಿಗ್ಗೆ. ಎಲ್ಲಾ ಗುಳ್ಳೆಗಳು ಒಣಗುವವರೆಗೆ ಬೇರೆಯವರಿಂದ ದೂರ ಇರಬೇಕಾಗಿದೆ. ಹಾಗಾಗಿ ಮಾರ್ಚ್ 11ರಿಂದ 18ರವರೆಗೆ ಸಿಕ್ ಲೀವ್ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಇದು ಅಂದಾಜು. ಹೇಗಿದ್ದೇನೆ ಎಂದು 17ರಂದು ತಿಳಿಸುತ್ತೇನೆ, ಬೇಕಾದರೆ ಆಗ ರಜೆ ಮುಂದುವರಿಸಲು ಕೇಳುತ್ತೇನೆ. ಡಾಕ್ಟರ ಸರ್ಟಿಫಿಕೇಟ್ ಇದರ ಜೊತೆಗಿದೆ.

ನಾನು ಆಫೀಸಿನಲ್ಲಿ ಕೊನೆಗೆ ಇದ್ದದ್ದು ನಿನ್ನೆ, ಮಾರ್ಚ್ 10ರಂದು. ನಿನ್ನೆಯೇ ಇದು ಬೇರೆಯವರಿಗೆ ಅಂಟಿರಬಹುದು. ನಮ್ಮ ಟೀಮಿನವರಿಗೆ ದಯವಿಟ್ಟು ಇವತ್ತೇ ತಿಳಿಸಿ. ಗರ್ಭಿಣಿಯರು, ಮನೆಯಲ್ಲಿ ಹಸುಗೂಸು ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಅಥವಾ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ತಡಮಾಡದೆ ತಮ್ಮ ಡಾಕ್ಟರಿಗೆ ಫೋನ್ ಮಾಡಲಿ.

ತಿಂಗಳ ಬಿಲ್ಲುಗಳ ಫೈಲ್ ಶೇರ್ಡ್ ಫೋಲ್ಡರ್‌ನಲ್ಲಿದೆ. ಈ ವಾರ ಲ್ಯಾಪ್‌ಟಾಪ್ ಮುಂದೆ ಕೂರಲು ಆಗುವುದಿಲ್ಲ. ತುರ್ತು ಇದ್ದರೆ ಮೆಸೇಜ್ ಹಾಕಿ, ನೋಡಿದಾಗ ಉತ್ತರಿಸುತ್ತೇನೆ.

ಇಷ್ಟೇ. ಟೀಮಿಗೆ ತಿಳಿಸುವಾಗ ನಿಮ್ಮ ಹೆಸರು ಹೇಳುವುದು ಬೇಡ ಅನಿಸಿದರೆ ಅದನ್ನೂ ಒಂದು ಸಾಲಿನಲ್ಲಿ ಕೇಳಿಕೊಳ್ಳಿ. ಯಾವ ದಿನ, ಯಾವ ಜಾಗ ಅಂತ ತಿಳಿದರೆ ಅವರಿಗೆ ಸಾಕು. ಅಂಟಿದವರಿಗೆ ಲಕ್ಷಣ ಕಾಣುವುದು 10ರಿಂದ 21 ದಿನದ ನಡುವೆ. ನನ್ನ ಲೆಕ್ಕದಲ್ಲಿ ಮಾರ್ಚ್ 20ರಿಂದ 31. ಅಷ್ಟರೊಳಗೆ ಯಾರಿಗಾದರೂ ಜ್ವರ ಬಂದರೆ ಆಫೀಸಿಗೆ ಬರದೆ ಮನೆಯಲ್ಲೇ ಇರಲಿ.

ಸರ್ಟಿಫಿಕೇಟ್ ವಿಷಯದಲ್ಲಿ ಸ್ವಲ್ಪ ಗಮನ ಕೊಡಿ. ನನ್ನ ಮೊದಲ ಚೀಟಿಯಲ್ಲಿ "5 ದಿನ ವಿಶ್ರಾಂತಿ" ಅಂತ ಮಾತ್ರ ಇತ್ತು. ಆರನೇ ದಿನದಿಂದ ಎಚ್‌ಆರ್ ಪ್ರಶ್ನೆ ಶುರುವಾಯಿತು. ಗುಳ್ಳೆ ಶುರುವಾದ ದಿನಾಂಕ ಮತ್ತು "ಎಲ್ಲಾ ಗುಳ್ಳೆ ಒಣಗುವವರೆಗೆ" ಅನ್ನುವ ಮಾತು ಬರೆದುಕೊಡಿ ಅಂತ ಡಾಕ್ಟರನ್ನೇ ಕೇಳಿ. ಕ್ಲಿನಿಕ್ಕಿಗೆ ಹೋಗುವ ಮೊದಲು ಫೋನ್ ಮಾಡಿ, ಕಾಯುವ ಜಾಗದಲ್ಲಿ ಗರ್ಭಿಣಿಯರು, ಮಕ್ಕಳು ಕೂತಿರುತ್ತಾರೆ ಅಲ್ವಾ. ದೊಡ್ಡವರಿಗೆ ಕೊಡುವ, ವೈರಸ್ ತಡೆಯುವ ಮಾತ್ರೆ ಗುಳ್ಳೆ ಕಂಡ 24 ಗಂಟೆಯೊಳಗೆ ಶುರುವಾದರೆ ಹೆಚ್ಚು ಪ್ರಯೋಜನ. ಹಾಗಾಗಿ ತಡಮಾಡದೆ ಕೇಳಿ. ಉಸಿರಾಡಲು ಕಷ್ಟವಾದರೆ ರಜೆ, ಮೇಲ್ ಎಲ್ಲಾ ಬಿಟ್ಟು ಆಸ್ಪತ್ರೆಗೆ ಹೋಗಿ, ದೊಡ್ಡವರಿಗೆ ಇದು ಶ್ವಾಸಕೋಶಕ್ಕೆ ಇಳಿಯುವ ಭಯ ಮಕ್ಕಳಿಗಿಂತ ಜಾಸ್ತಿ.

ರಜೆ ಎಷ್ಟಿದೆ ಅಂತಲೂ ನೋಡಿಕೊಳ್ಳಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಅನಾರೋಗ್ಯದಂಥ ಕಾರಣಕ್ಕೆ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ. ನನಗೆ ಶನಿವಾರ, ಭಾನುವಾರ ಬಿಟ್ಟು 8 ದಿನ ಖರ್ಚಾಯಿತು.

ಮನೆಯಲ್ಲಿ ನಮ್ಮಮ್ಮ ಹಾಸಿಗೆ ಪಕ್ಕ ಬೇವಿನ ಸೊಪ್ಪು ಇಟ್ಟು, ಏಳನೇ ದಿನ ಬೇವಿನ ನೀರು ಹಾಕಿದರು. "ಇನ್ನು ಆಯ್ತು, ಆಫೀಸಿಗೆ ಹೋಗು" ಅಂದರು. ನನಗೂ ಮೈ ಹಗುರಾಗಿತ್ತು. ಆದರೆ ಕನ್ನಡಿ ಹಿಡಿದು ನೋಡಿದರೆ ಬೆನ್ನಿನ ಕೆಳಗೆ, ಕೂದಲಿನೊಳಗೆ ಇನ್ನೂ ನೀರು ತುಂಬಿದ ಗುಳ್ಳೆ ಇದ್ದವು. ನಿಮ್ಮ ಬೆನ್ನನ್ನು ನೀವೇ ನೋಡಿಕೊಳ್ಳಲು ಆಗುವುದಿಲ್ಲ. ಈ ಕಾಯಿಲೆ ಆಗಲೇ ಬಂದು ಹೋಗಿರುವ ಮನೆಯವರಿಂದ ನೋಡಿಸಿ. 17ಕ್ಕೆ ಮ್ಯಾನೇಜರ್‌ಗೆ ಹೀಗೆ ಬರೆದೆ: "ಹೊಸ ಗುಳ್ಳೆ ಬರುವುದು ನಿಂತು 2 ದಿನವಾಯಿತು, ಹಳೆಯವು ಕೆಲವು ಇನ್ನೂ ಒಣಗಿಲ್ಲ, 20ರವರೆಗೆ ರಜೆ ಬೇಕು." ಅವರು ಒಪ್ಪಿದರು. 19ಕ್ಕೆ ಕೊನೆಯದೂ ಒಣಗಿತು, 20ಕ್ಕೆ ಡಾಕ್ಟರು ನೋಡಿ ಫಿಟ್ನೆಸ್ ಸರ್ಟಿಫಿಕೇಟ್ ಕೊಟ್ಟರು.

ಹಕ್ಕಳೆ ಉದುರುವವರೆಗೆ ಕಾಯಬೇಕಿಲ್ಲ, ಕಲೆ ಹೋಗಲು ವಾರಗಟ್ಟಲೆ ಬೇಕು. ಆದರೆ ನೋಡಿದವರು ಹೆದರುತ್ತಾರೆ. ಅದಕ್ಕೇ 20ರ ಸಂಜೆ ಸರ್ಟಿಫಿಕೇಟ್ ಜೊತೆ ಕೊನೆಯ ಮೇಲ್ ಕಳಿಸಿದೆ: "ಎಲ್ಲಾ ಗುಳ್ಳೆಗಳು ಒಣಗಿವೆ, ಇನ್ನು ಅಂಟುವುದಿಲ್ಲ ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ. ಮುಖದ ಮೇಲೆ ಹಕ್ಕಳೆ ಇನ್ನೂ ಕಾಣುತ್ತವೆ. ನಾಳೆ, 21ರಂದು ಬರುತ್ತೇನೆ." ಅದನ್ನು ಓದಿ ಪಕ್ಕದ ಸೀಟಿನವರೇ ಫೋನ್ ಮಾಡಿ "ಬನ್ನಿ, ಪರವಾಗಿಲ್ಲ" ಅಂದರು.