ಫೋನಿಗೆ ತಿಳಿಯದಿರುವುದು ಉಚ್ಚಾರಣೆಯೋ, ಆಡುಮಾತೋ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಸಹಕಾರ ಸಂಘವೊಂದರ ಕಾರ್ಯದರ್ಶಿ. ಸಭೆಯ ಸೂಚನೆಗಳನ್ನು ಫೋನಿನಲ್ಲಿ ಮಾತನಾಡಿ ಬರೆಸುತ್ತೇನೆ. ಒಂದೊಂದೇ ಪದವನ್ನು ನಿಧಾನವಾಗಿ ಹೇಳಿದರೂ ತಪ್ಪು ಬರುತ್ತದೆ. ಟೈಪ್ ಮಾಡಿದರೆ ‘ಹಳ್ಳಿ’ ಹೋಗಿ ‘ಹಲ್ಲಿ’ ಆಗುತ್ತದೆ. ನಮ್ಮ ಕಡೆಯ ಉಚ್ಚಾರಣೆಯೇ ಇದಕ್ಕೆ ಕಾರಣವೇ?

ಉತ್ತರ: ಮೊದಲು ಒಂದು ಪರೀಕ್ಷೆ ಮಾಡಿ. ಪತ್ರಿಕೆಯ ಒಂದು ವಾಕ್ಯವನ್ನು ನಿಮ್ಮ ಸಹಜ ಧಾಟಿಯಲ್ಲೇ ಮೈಕಿಗೆ ಓದಿ. ಅದು ಸರಿಯಾಗಿ ಮೂಡಿದರೆ ಉಚ್ಚಾರಣೆಯ ಮೇಲೆ ಅನುಮಾನ ಬೇಡ. ಅನಂತರ ಅದನ್ನೇ ಆಡುಮಾತಿನಲ್ಲಿ ಹೇಳಿ: ‘ನಾಳೆ ಮುಂಜಾನೆ ಹತ್ತಕ್ಕ ಸಭಾ ಐತಿ’. ಈಗ ಎಡವಿದರೆ, ಫೋನಿಗೆ ತೊಡಕಾಗಿರುವುದು ನಿಮ್ಮ ದನಿಯಲ್ಲ, ‘ಹತ್ತಕ್ಕ’, ‘ಐತಿ’ಯಂಥ ರೂಪಗಳು. ಈ ತಂತ್ರಾಂಶ ಕೇಳಿದ ಧ್ವನಿಯನ್ನು ತಾನು ಕಲಿತ ಬರಹದ ಜೊತೆ ತಾಳೆ ನೋಡುತ್ತದೆ. ಆ ಬರಹದಲ್ಲಿ ಗ್ರಾಂಥಿಕ ಕನ್ನಡವೇ ಹೆಚ್ಚು. ‘ಮಾಡಾಕತ್ತಾರ’ ಎಂದು ಅಚ್ಚು ಮಾಡುವವರು ಎಷ್ಟು ಮಂದಿ? ಜಿಲ್ಲೆ ಜಿಲ್ಲೆಯ ಮಾತನ್ನು ಧ್ವನಿಮುದ್ರಿಸುವ ‘ವಾಣಿ’ಯಂಥ ಯೋಜನೆಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಶುರುವಾದದ್ದು ಈ ಕೊರತೆ ನೀಗಲೆಂದೇ.

ಪದ ಪದವಾಗಿ ಬಿಡಿಸಿ ಹೇಳುವುದನ್ನು ಮಾತ್ರ ಇಂದೇ ನಿಲ್ಲಿಸಿ. ಅದು ಜಾಗ್ರತೆ ಅನ್ನಿಸಿದರೂ ಫಲಿತಾಂಶವನ್ನು ಕೆಡಿಸುತ್ತದೆ. ಹಕಾರ ಬಿಡುವವರೊಬ್ಬರು ‘ಆಲು’ ಎಂದಷ್ಟೇ ಹೇಳಿದರೆ ಅದು ಹಾಲೋ ಬೇರೆ ಏನೋ ಎಂದು ತಿಳಿಯಲು ಆಧಾರವಿಲ್ಲ. ‘ಡೇರಿಗೆ ಎರಡು ಲೀಟರ್ ಆಲು ಹಾಕಿದೆ’ ಎಂದರೆ ಡೇರಿ, ಲೀಟರ್ ಎರಡೂ ಹಾಲಿನತ್ತ ಕೈತೋರಿಸುತ್ತವೆ. ಹಾಗಾಗಿ ಏನು ಹೇಳಬೇಕೆಂದು ಮೊದಲೇ ಯೋಚಿಸಿಕೊಂಡು ಇಡೀ ವಾಕ್ಯವನ್ನು ಒಂದೇ ಓಟದಲ್ಲಿ ಹೇಳಿ. ಸೂಚನೆ ಹೇಗೂ ಗ್ರಾಂಥಿಕ ಭಾಷೆಯಲ್ಲಿ ಇರಬೇಕಾದ್ದು, ಆದ್ದರಿಂದ ‘ಸಭೆ ಇದೆ’ ಎಂದೇ ಹೇಳಿದರೆ ನಷ್ಟವಿಲ್ಲ. ಧಾಟಿ ನಿಮ್ಮದೇ ಇರಲಿ.

‘ಹಲ್ಲಿ’ಯ ಕಥೆ ಬೇರೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸುವ ಕೀಲಿಮಣೆಯಲ್ಲಿ ನೀವು halli ಎಂದು ಒತ್ತಿದರೆ, ಅದರಲ್ಲಿ ಲ, ಳ ಎರಡಕ್ಕೂ ಒಂದೇ l. ಯಾವುದು ಬೇಕೆಂದು ಅದು ಊಹಿಸುತ್ತದೆ. ಊಹೆ ತಪ್ಪಿದಾಗ ಕೀಲಿಮಣೆಯ ಮೇಲ್ತುದಿಯಲ್ಲಿ ಕಾಣುವ ಪದಸಲಹೆಗಳ ಸಾಲಿನಲ್ಲಿ ‘ಹಳ್ಳಿ’ ಸಾಮಾನ್ಯವಾಗಿ ಸಿಗುತ್ತದೆ. ಹೆಸರುಗಳಿಗೆ ಮಾತ್ರ ಈ ಊಹೆಯನ್ನು ನಂಬಬೇಡಿ.

ಅವುಗಳಿಗೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸವಿರುವ ಕೀಲಿಮಣೆಯನ್ನು ಹಾಕಿಕೊಳ್ಳಿ. ಕಚೇರಿಯ ಕಂಪ್ಯೂಟರಿನಲ್ಲಿ ‘ನುಡಿ’ ಬಳಸಿದವರಿಗೆ ಇದು ಪರಿಚಿತ. ಅಲ್ಲಿ ಚಿಕ್ಕ l ಒತ್ತಿದರೆ ಲ, ದೊಡ್ಡ L ಒತ್ತಿದರೆ ಳ, f ಒತ್ತಿದರೆ ಒತ್ತಕ್ಷರ ಕೂಡಿಸುವ ಅರ್ಧಚಿಹ್ನೆ. ‘ಹಳ್ಳಿ’ಗೆ hLfLi ಎಂದು ಒತ್ತಬೇಕು. ಊಹೆಗೆ ಇಲ್ಲಿ ಎಡೆಯೇ ಇಲ್ಲ. ಕೈಗೆ ಹತ್ತಲು ಕೆಲವು ದಿನ ಬೇಕು, ನಿಜ. ಹಾಗಾಗಿ ಸೂಚನೆಯ ಒಡಲನ್ನು ಮಾತಿನಲ್ಲಿ ಬರೆಸಿ, ಸದಸ್ಯರ ಮತ್ತು ಊರಿನ ಹೆಸರನ್ನು ಮಾತ್ರ ಹೀಗೆ ಒತ್ತಿ. ಸಾಲದ ನೋಟಿಸಿನಲ್ಲಿ ಒಂದು ಅಕ್ಷರ ತಪ್ಪಿದರೂ ಅದು ಬೇರೆಯವರ ಮನೆಗೆ ಹೋದೀತು.