ಮೊದಲ ಮಳೆಯ ಕೊಳೆ ನೀರು ಮತ್ತು ಇಂಗುಗುಂಡಿಯ ಲೆಕ್ಕ

ಪ್ರಶ್ನೆ: ಬೆಂಗಳೂರಿನಲ್ಲಿ 30x40 ಸೈಟು, ತಾರಸಿ 1000 ಚದರ ಅಡಿ. ಮೊದಲ ಮಳೆ ನೀರು ಎಷ್ಟು ಬಿಡಬೇಕು? ಇಂಗುಗುಂಡಿ ಎಷ್ಟು ದೊಡ್ಡದಿರಬೇಕು?

ಉತ್ತರ: 1000 ಚದರ ಅಡಿ ಅಂದರೆ ಸುಮಾರು 93 ಚದರ ಮೀಟರ್. ಇದರ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 93 ಲೀಟರ್. ಧೂಳು, ಹಕ್ಕಿ ಹಿಕ್ಕೆ ತೊಳೆದು ಬರುವ ಈ ಮೊದಲ ನೀರನ್ನು ಬೇರೆ ಹಿಡಿಯಿರಿ. ಆರಿಂಚಿನ ಪೈಪಿನಲ್ಲಿ ಮೀಟರಿಗೆ 18 ಲೀಟರ್ ಮಾತ್ರ ನಿಲ್ಲುತ್ತದೆ. ಐದು ಮೀಟರ್ ಎತ್ತರ ಸಿಗದಿದ್ದರೆ 100 ಲೀಟರಿನ ಡ್ರಮ್ಮೇ ಸರಿ. ಅದು ತುಂಬಿದ ಮೇಲೆ ನೀರು ಫಿಲ್ಟರಿಗೆ, ಸಂಪಿಗೆ ಹೋಗಲಿ.

ಡ್ರಮ್ಮಿನ ತಳದ ನಲ್ಲಿಯನ್ನು ಪೂರ್ತಿ ಮುಚ್ಚಬೇಡಿ, ತೊಟ್ಟಿಕ್ಕುತ್ತಿರಲಿ. ನಮ್ಮನೆಯಲ್ಲಿ ಮುಚ್ಚಿಯೇ ಬಿಟ್ಟಿದ್ದೆವು. ಡ್ರಮ್ ಖಾಲಿಯೇ ಆಗದೆ, ಮುಂದಿನ ಮಳೆಯ ಕಂದು ನೀರೆಲ್ಲ ನೇರ ಸಂಪಿಗೆ ಬಂತು.

ಸಂಪು ತುಂಬಿ ಹೆಚ್ಚಾದದ್ದು ಇಂಗುಗುಂಡಿಗೆ. 40 ಮಿಲಿಮೀಟರ್ ಮಳೆಗೆ, ಸೋರಿ ಆರಿದ್ದು ಕಳೆದು, ಸುಮಾರು 3,200 ಲೀಟರ್ ಬರುತ್ತದೆ. ಮೂರಡಿ ಅಗಲ, 20 ಅಡಿ ಆಳದ ರಿಂಗ್ ಬಾವಿ ಸುಮಾರು 4,000 ಲೀಟರ್ ಹಿಡಿಯುತ್ತದೆ. ಒಳಗೆ ಪೂರ್ತಿ ಜಲ್ಲಿ ತುಂಬಿಸಬೇಡಿ, ಅರ್ಧಕ್ಕಿಂತ ಜಾಸ್ತಿ ಜಾಗ ಕಲ್ಲಿಗೇ ಹೋಗುತ್ತದೆ. ಮಳೆ ನಿಂತು ಎರಡು ದಿನವಾದರೂ ನೀರು ಇಳಿಯದಿದ್ದರೆ ತಳದಲ್ಲಿ ಹೂಳು ಕಟ್ಟಿರಬಹುದು. ಬೇಸಿಗೆಯಲ್ಲಿ ತೆಗೆಸಿ.