50% + 20% ಬೋರ್ಡ್, ಬಿಲ್‌ನಲ್ಲಿ 70% ಇಲ್ಲ: ನನ್ನ ಆಷಾಢ ಸೇಲ್ ಲೆಕ್ಕ

«ಬಟ್ಟೆ ಅಂಗಡಿಯಲ್ಲಿ 50% + 20% ಆಫರ್ ಇತ್ತು. ಬಿಲ್‌ನಲ್ಲಿ 70% ಕಡಿಮೆ ಮಾಡಿಲ್ಲ. ಒಂದು ಕೊಂಡರೆ ಒಂದು ಉಚಿತ ಅಂತ ತಂದ ಎರಡನೇ ಶರ್ಟ್‌ಗೂ ದುಡ್ಡು ಹಾಕಿದ್ದಾರೆ. ಇದು ಮೋಸ ತಾನೇ? ಹೋಗಿ ಜಗಳ ಮಾಡ್ಲಾ, ದೂರು ಕೊಡ್ಲಾ?»

ಸದ್ಯಕ್ಕೆ ಎರಡೂ ಬೇಡ. ನಾನು ಇದೇ 70% ಹಿಡಿದುಕೊಂಡು ಜಗಳಕ್ಕೆ ನಿಂತಿದ್ದೆ. ಆ ಜಗಳದಿಂದಲೇ ನನಗೆ ನಿಜವಾಗಿ ಬರಬೇಕಿದ್ದ ದುಡ್ಡು ಹೋಯಿತು.

ದಾವಣಗೆರೆಯಲ್ಲಿ ಆಷಾಢ ಸೇಲ್ ನಡೆಯುತ್ತಿತ್ತು. ಶ್ರಾವಣದಲ್ಲಿ ತಂಗಿಯ ಮದುವೆ. ಕೊಡುವ ಸೀರೆಗಳನ್ನು ಈಗಲೇ ತಗೊಂಡರೆ ಅಗ್ಗ ಆಗುತ್ತದೆ ಅಂತ ಅಮ್ಮನ ಜೊತೆ ಹೋಗಿದ್ದೆ. ಸೀರೆ ವಿಭಾಗದಲ್ಲಿ 50% + 20% ಬೋರ್ಡ್, ಶರ್ಟ್ ಕಡೆ ಒಂದು ಕೊಂಡರೆ ಒಂದು ಉಚಿತ. ಮೂರು ಸೀರೆ ಆರಿಸಿದೆವು. ಟ್ಯಾಗ್ ಬೆಲೆ 4,000, 6,000 ಮತ್ತು 2,000, ಒಟ್ಟು 12,000 ರೂಪಾಯಿ. ಅಪ್ಪನಿಗೆ ಮತ್ತು ಮಾವನಿಗೆ ಎರಡು ಶರ್ಟ್, ಒಂದು 1,800, ಇನ್ನೊಂದು 1,200.

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಸೀರೆಗೆ 70% ಹೋದರೆ 3,600 ಉಳಿಯುತ್ತದೆ. ಶರ್ಟ್‌ಗೆ ಅರ್ಧ, ಅಂದರೆ 1,500. ಒಟ್ಟು 5,100. ಕೈಯಲ್ಲಿ 5,500 ಇತ್ತು. ಅಮ್ಮನಿಗೆ «ಮಿಕ್ಕಿದ್ದರಲ್ಲಿ ಒಂದು ರವಿಕೆ ಹೊಲಿಸಬಹುದು» ಅಂತಲೂ ಹೇಳಿಬಿಟ್ಟೆ.

ಬಿಲ್ ಬಂತು, 7,000.

ಕೌಂಟರ್‌ನಲ್ಲೇ ದನಿ ಏರಿಸಿದೆ. ಬೋರ್ಡ್ ಮೇಲೆ 70% ಅಂತ ಹಾಕಿ ಬಿಲ್‌ನಲ್ಲಿ ಕಡಿಮೆ ಮಾಡದೆ ಇರುವುದು ಯಾವ ನ್ಯಾಯ ಅಂತ ಕೇಳಿದೆ. ಹಿಂದೆ ಸಾಲಿನಲ್ಲಿ ನಿಂತಿದ್ದವರೂ ನನ್ನ ಜೊತೆ ಸೇರಿಕೊಂಡರು. ಮ್ಯಾನೇಜರ್ ಬಂದರು. ಕ್ಯಾಲ್ಕುಲೇಟರ್ ತೆಗೆದು, «ಸಾರ್, ಬೋರ್ಡ್‌ನಲ್ಲಿ 70 ಅಂತ ಎಲ್ಲಿದೆ? 50 ಆದಮೇಲೆ ಉಳಿದದ್ದರ ಮೇಲೆ 20» ಅಂತ ಒತ್ತಿ ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ನನಗೆ ಅಲ್ಲೇ ಗೊತ್ತಾಯಿತು. ಆ ನಾಚಿಕೆಯಲ್ಲಿ ಬಿಲ್ಲನ್ನು ಮತ್ತೆ ನೋಡಲಿಲ್ಲ. ಕಡಿಮೆ ಬಿದ್ದ 1,500 ರೂಪಾಯಿಯನ್ನು ಅಮ್ಮ ತನ್ನ ಪರ್ಸಿನಿಂದ ಕೊಟ್ಟರು.

ನಾನು ತಪ್ಪಿದ್ದು ಎಲ್ಲಿ ಅಂತ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲೂ ಅದೇ ಕೂತಿದೆ.

ಶೇಕಡಾ ಅಂದರೆ ನೂರಕ್ಕೆ ಇಷ್ಟು. ಯಾವ ನೂರಕ್ಕೆ ಅಂತ ಕೇಳಿಕೊಳ್ಳದೆ ನಾನು ಕೂಡಿಸಿದೆ. 100 ರೂಪಾಯಿ ವಸ್ತುವಿಗೆ ಮೊದಲ 50% ಹೋದರೆ ಉಳಿಯುವುದು 50 ರೂಪಾಯಿ. ಎರಡನೇ 20% ಈ 50ರ ಮೇಲೆ ಬರುತ್ತದೆ, 100ರ ಮೇಲೆ ಅಲ್ಲ. 50ರಲ್ಲಿ 20% ಅಂದರೆ 10 ರೂಪಾಯಿ. ಒಟ್ಟು 60 ಹೋಗಿ, ಕೊಡಬೇಕಾದದ್ದು 40. ಎರಡು ಶೇಕಡಾಗಳ ನೂರು ಬೇರೆ ಬೇರೆ. ಒಂದು ಟ್ಯಾಗ್ ಬೆಲೆಯ ನೂರು, ಇನ್ನೊಂದು ಇಳಿದ ಬೆಲೆಯ ನೂರು. ಸೇರಿನ ಅಳತೆಗೂ ಪಾವಿನ ಅಳತೆಗೂ ಬರೀ ಅಂಕಿ ಕೂಡಿಸಿದ ಹಾಗೆ ಆಯಿತು ನನ್ನ ಲೆಕ್ಕ. ಇನ್ನೂ ಅನುಮಾನ ಇದ್ದರೆ 60% + 50% ಅಂತ ಬೋರ್ಡ್ ಇದೆ ಅಂದುಕೊಳ್ಳಿ. ಕೂಡಿಸಿದರೆ 110% ಆಗುತ್ತದೆ. ಅಂಗಡಿಯವರೇ ನಿಮಗೆ ದುಡ್ಡು ಕೊಟ್ಟು ಕಳಿಸಬೇಕು. ನಿಜವಾದ ಲೆಕ್ಕದಲ್ಲಿ ಅದು 80%.

ಹಾಗಾಗಿ ಈಗ ನಾನು ಹೋಗುವ ಭಾಗವನ್ನು ನೋಡುವುದೇ ಇಲ್ಲ, ಕೊಡುವ ಭಾಗವನ್ನು ಗುಣಿಸುತ್ತೇನೆ. 50% ಹೋದರೆ 0.5 ಕೊಡಬೇಕು, 20% ಹೋದರೆ 0.8 ಕೊಡಬೇಕು. ಫೋನ್‌ನಲ್ಲಿ ಇಷ್ಟೇ ಒತ್ತುವುದು:

```
12000 × 0.5 × 0.8 = 4800
```

ಮೂರನೇ ರಿಯಾಯಿತಿ 10% ಇದ್ದರೆ ಇನ್ನೊಂದು × 0.9, ಅಷ್ಟೇ. ಮೊದಲು 20 ಆಮೇಲೆ 50 ಹಾಕಿದರೂ ಉತ್ತರ ಒಂದೇ. ಆದರೆ 500 ರೂಪಾಯಿ ಕೂಪನ್ ನಡುವೆ ಬಂದರೆ ಮಾತು ಬೇರೆ. 6,000ಕ್ಕೆ ಮೊದಲು 20% ತೆಗೆದು ಆಮೇಲೆ ಕೂಪನ್ ಕಳೆದರೆ 4,300. ಮೊದಲು ಕೂಪನ್ ಕಳೆದರೆ 4,400. ಕೂಪನ್ ಕೊನೆಗೆ ಕಳೆಯಲು ಕೇಳಿ.

ಈಗ ಶರ್ಟ್‌ಗೆ ಬರೋಣ. ಒಂದು ಕೊಂಡರೆ ಒಂದು ಉಚಿತ ಅಂದರೆ ಅರ್ಧ ಬೆಲೆ ಅಂದುಕೊಂಡಿದ್ದೆ. ಎರಡೂ ಒಂದೇ ಬೆಲೆಯವಾದರೆ ಮಾತ್ರ ಅದು ಅರ್ಧ. ಸಾಮಾನ್ಯವಾಗಿ ಕಡಿಮೆ ಬೆಲೆಯದ್ದೇ ಉಚಿತ ಆಗುವುದು. 1,800 ಮತ್ತು 1,200 ತಗೊಂಡರೆ 1,800 ಕೊಡಬೇಕು. 3,000ಕ್ಕೆ 1,200 ಉಳಿತಾಯ, ಅಂದರೆ 40%. ಪಕ್ಕದ ಸೀರೆ ವಿಭಾಗದ ಬರೀ 50% ಇದಕ್ಕಿಂತ ದೊಡ್ಡದು. ಆದರೂ «ಉಚಿತ» ಅನ್ನುವ ಮಾತು ಕಿವಿಗೆ ಜಾಸ್ತಿ ಕೇಳಿಸುತ್ತದೆ.

ನಿಮ್ಮ ಎರಡನೇ ಶರ್ಟ್‌ಗೆ ದುಡ್ಡು ಹಾಕಿದ್ದಾರೆ ಅಂದಿರಲ್ಲ, ನನ್ನ ಬಿಲ್‌ನಲ್ಲೂ ಹಾಗೇ ಇತ್ತು. ಒಂದರ ಮುಂದೆ 1,080, ಇನ್ನೊಂದರ ಮುಂದೆ 720. ಸೊನ್ನೆ ಎಲ್ಲೂ ಇರಲಿಲ್ಲ. ಅದು ಮೋಸ ಅಲ್ಲ. ಕಂಪ್ಯೂಟರ್ ಆ 1,200 ರಿಯಾಯಿತಿಯನ್ನು ಎರಡು ಶರ್ಟ್‌ಗೂ ಬೆಲೆಗೆ ತಕ್ಕಂತೆ ಹಂಚಿರುತ್ತದೆ. ಎರಡನ್ನೂ ಕೂಡಿಸಿ. 1,800 ಬಂದರೆ ಸರಿ. ನಿಮ್ಮದರಲ್ಲಿ ದುಬಾರಿ ಶರ್ಟ್‌ನ ಬೆಲೆಗಿಂತ ಮೊತ್ತ ಜಾಸ್ತಿ ಬಂದರೆ ಆಗ ಕೇಳಿ. ಹೀಗೆ ಹಂಚಿದ ಬಿಲ್‌ನಲ್ಲಿ ಒಂದನ್ನು ವಾಪಸ್ ಕೊಟ್ಟರೆ ಟ್ಯಾಗ್ ಬೆಲೆ ಸಿಗುವುದಿಲ್ಲ, ಅದರ ಮುಂದಿರುವಷ್ಟನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಕೆಲವು ಕಡೆ ಒಂದನ್ನು ಮಾತ್ರ ವಾಪಸ್ ತಗೊಳ್ಳುವುದೇ ಇಲ್ಲ. ಅಳತೆ ಅಲ್ಲೇ ಹಾಕಿ ನೋಡಿ.

ನಾಲ್ಕು ಶರ್ಟ್ ತಗೊಳ್ಳುವಾಗ ಒಂದು ಕೆಲಸ ಮಾಡಿ. ಬೆಲೆ 1,800, 1,700, 1,200, 1,100 ಅಂತ ಇಟ್ಟುಕೊಳ್ಳಿ. ಒಂದೇ ಬಿಲ್ ಹಾಕಿದರೆ ಅತಿ ಅಗ್ಗದ ಎರಡನ್ನು ಉಚಿತ ಮಾಡಬಹುದು. ಆಗ ನೀವು ಕೊಡುವುದು 3,500. ಮೊದಲ ಎರಡಕ್ಕೆ ಒಂದು ಬಿಲ್, ಉಳಿದ ಎರಡಕ್ಕೆ ಇನ್ನೊಂದು ಬಿಲ್ ಮಾಡಿಸಿದರೆ 1,800 ಮತ್ತು 1,200, ಒಟ್ಟು 3,000. ಶರ್ಟ್ ಅವೇ, 500 ರೂಪಾಯಿ ಉಳಿಯಿತು. ಬೆಲೆ ಹತ್ತಿರ ಇರುವುದನ್ನು ಜೋಡಿ ಮಾಡಿ, ಬೇರೆ ಬಿಲ್ ಕೇಳಿ. ಎರಡನೇ ಶರ್ಟ್ ಬೇಕಾಗಿಯೇ ಇಲ್ಲ ಅಂದರೆ ಈ ಆಫರ್ ಕಡೆ ಹೋಗಲೇಬೇಡಿ.

ಇನ್ನು ನನ್ನ 7,000ದ ಕಥೆ. ಮನೆಗೆ ಬಂದ ಮೇಲೆ ತಂಗಿ ಬಿಲ್ ಬಿಡಿಸಿ ಕೂತಳು. ಸರಿಯಾದ ಲೆಕ್ಕಕ್ಕೆ ಸೀರೆ 4,800, ಶರ್ಟ್ 1,800, ಒಟ್ಟು 6,600 ಆಗಬೇಕು. 400 ಎಲ್ಲಿ ಹೋಯಿತು? ಅವಳು ಒಂದೊಂದೇ ಸಾಲು ಓದಿದಳು. 6,000ದ ಸೀರೆ 2,400, ಸರಿ. 2,000ದ ಸೀರೆ 800, ಸರಿ. 4,000ದ ಸೀರೆಗೆ 2,000 ಇತ್ತು. 1,600 ಇರಬೇಕಿತ್ತು. ಅದೊಂದಕ್ಕೆ ಎರಡನೇ 20% ಬಿದ್ದೇ ಇರಲಿಲ್ಲ.

ನಾನು ಕೌಂಟರ್‌ನಲ್ಲಿ ಗಲಾಟೆ ಮಾಡಿದ್ದು 1,900 ರೂಪಾಯಿಗೆ. ಅದರಲ್ಲಿ 1,200 ನಾನು ಶೇಕಡಾ ಕೂಡಿಸಿದ ತಪ್ಪು, 300 ಶರ್ಟ್‌ಗೆ ಅರ್ಧ ಅಂದುಕೊಂಡ ತಪ್ಪು. ಉಳಿದ 400 ಮಾತ್ರ ಅವರದು. ದೊಡ್ಡ ಸುಳ್ಳು ಲೆಕ್ಕದ ಒಳಗೆ ಸಣ್ಣ ನಿಜ ಲೆಕ್ಕ ಮುಚ್ಚಿಹೋಗಿತ್ತು. ಕೂಡಿಸುವ ಬದಲು ಗುಣಿಸಿ ಹೋಗಿದ್ದರೆ «ಸಾರ್, 6,600 ಆಗಬೇಕು, ಈ ಸಾಲು ನೋಡಿ» ಅಂತ ಮೆಲ್ಲಗೆ ಹೇಳಿದ್ದರೂ ಸಾಕಿತ್ತು.

ಮರುದಿನ ಹೋದೆ. ಆ ಸೀರೆ ಹೊಸ ಸ್ಟಾಕ್, ಅದಕ್ಕೆ ಬರೀ 50% ಅಂದರು. ನಾವು ಅದನ್ನು ತೆಗೆದ ರ್‍ಯಾಕ್ ಮೇಲೆ 50% + 20% ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆದರೆ ಫೋಟೋ ಇರಲಿಲ್ಲ, ಟ್ಯಾಗ್ ಕಿತ್ತು ಬಿಸಾಕಿದ್ದೆವು. ಅದೇ ಮ್ಯಾನೇಜರ್ ನನ್ನನ್ನು ಗುರುತು ಹಿಡಿದರು. ಹಿಂದಿನ ದಿನ ತಪ್ಪು ಲೆಕ್ಕ ಹಿಡಿದು ಕೂಗಾಡಿದವನ ಮಾತನ್ನು ಅವರು ಯಾಕೆ ನಂಬುತ್ತಾರೆ? ಆ 400 ಬರಲಿಲ್ಲ.

ಈಗ ನಿಮ್ಮ ಬಿಲ್ ತೆಗೆದುಕೊಳ್ಳಿ. ಕೆಳಗಿನ ಒಟ್ಟು ಮೊತ್ತ, «ನೀವು ಉಳಿಸಿದ್ದು» ಅನ್ನುವ ಸಾಲು, ಎರಡನ್ನೂ ಬಿಡಿ. ಒಂದೊಂದು ಬಟ್ಟೆಯ ಸಾಲಿನಲ್ಲಿ ಕೊಟ್ಟ ಬೆಲೆಯನ್ನು ಅದೇ ಸಾಲಿನ ಎಂಆರ್‌ಪಿಯಿಂದ ಭಾಗಿಸಿ. 50% + 20% ಇದ್ದ ಪ್ರತಿ ಸಾಲಿಗೂ 0.4 ಬರಬೇಕು. ಎಲ್ಲಾದರೂ 0.5 ಬಂದರೆ ಅಲ್ಲಿ 20% ಬಿಟ್ಟುಹೋಗಿದೆ. ಬಿಲ್‌ನಲ್ಲಿರುವ ಎಂಆರ್‌ಪಿ ಟ್ಯಾಗ್‌ನಲ್ಲಿ ಇರುವಷ್ಟೇ ಇದೆಯಾ ಅಂತಲೂ ನೋಡಿ. ಬೆಲೆಯನ್ನೇ ಏರಿಸಿ ನಮೂದಿಸಿದ್ದರೆ ಭಾಗಾಕಾರ ಸರಿ ಬಂದರೂ ದುಡ್ಡು ಜಾಸ್ತಿ ಹೋಗಿರುತ್ತದೆ.

ಆಮೇಲೆ ತೆರಿಗೆ. ಎಂಆರ್‌ಪಿಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಬಿಲ್‌ನ ಕೆಳಗೆ ಜಿಎಸ್‌ಟಿ ಎಷ್ಟು ಅಂತ ಬಿಡಿಸಿ ತೋರಿಸಿದ್ದರೆ ಪರವಾಗಿಲ್ಲ. ಆದರೆ ಎಂಆರ್‌ಪಿ ಮೇಲೆ ರಿಯಾಯಿತಿ ಕೊಟ್ಟು, ಇಳಿದ ಬೆಲೆಗೆ ಮತ್ತೆ ತೆರಿಗೆ ಸೇರಿಸಿ ಮೊತ್ತ ಏರಿಸಿದ್ದರೆ ಅದನ್ನು ಬಿಡಬೇಡಿ. ವ್ಯಾಟ್ ಇದ್ದ ಕಾಲದ ಇಂಥದ್ದೇ ಒಂದು ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲಿ ಇದನ್ನು ಅನುಚಿತ ವ್ಯಾಪಾರ ಅಂತ ಹೇಳಿದೆ.

ಇಷ್ಟು ನೋಡಿದ ಮೇಲೂ ವ್ಯತ್ಯಾಸ ಉಳಿದರೆ ಆ ಸಾಲಿಗೆ ಪೆನ್ನಿನಲ್ಲಿ ಗುರುತು ಹಾಕಿ, ಟ್ಯಾಗ್ ಜೊತೆ ಅಂಗಡಿಗೆ ಹೋಗಿ, ಆ ಒಂದು ಸಾಲಿನ ಬಗ್ಗೆ ಮಾತ್ರ ಮಾತಾಡಿ. ಸೇಲ್ ಇನ್ನೂ ಮುಗಿದಿಲ್ಲ ಅಂದರೆ ಒಳಗೆ ಹೋಗುವಾಗಲೇ ರ್‍ಯಾಕ್ ಮೇಲಿನ ಬೋರ್ಡ್‌ನ ಫೋಟೋ ತೆಗೆದುಕೊಳ್ಳಿ. ಆಗಲೂ ಸರಿ ಮಾಡದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ 70% ಅನ್ನುವ ಮಾತು ಎತ್ತಬೇಡಿ. ಎಷ್ಟಾಗಬೇಕಿತ್ತು, ಎಷ್ಟು ಹಾಕಿದ್ದಾರೆ, ಯಾವ ಬಟ್ಟೆಗೆ, ಈ ಮೂರನ್ನು ಹೇಳಿ.